ಹೇಳದೆಯೂ ಕೇಳಿಸುವ ಮಾತು: ಪ್ರಿಸಪೊಸಿಷನ್ನೋ ಇಂಪ್ಲಿಕೇಚರೋ ಪತ್ತೆ ಮಾಡುವುದು ಹೇಗೆ?

ಸಂಜೆ ಮೆಟ್ಟಿಲ ಹತ್ತಿರ ಪಕ್ಕದ ಮನೆಯ ಆಂಟಿ ಸಿಕ್ಕಿ ಹೀಗೆ ಹೇಳುತ್ತಾರೆ ಅಂದುಕೊಳ್ಳಿ: "ಮೇಲಿನ ಮನೆ ಮಕ್ಕಳಲ್ಲಿ ಕೆಲವರು ಟ್ಯೂಷನ್‌ಗೆ ಹೋಗೋದು ಬಿಟ್ಟರು."

ಈ ಒಂದು ಮಾತಿನಿಂದ ನಮಗೆ ಮೂರು ವಿಷಯ ಗೊತ್ತಾಗುತ್ತದೆ. ಆ ಕೆಲವರು ಈಗ ಟ್ಯೂಷನ್‌ಗೆ ಹೋಗುತ್ತಿಲ್ಲ. ಅವರು ಮೊದಲು ಹೋಗುತ್ತಿದ್ದರು. ಎಲ್ಲರೂ ಬಿಟ್ಟಿಲ್ಲ, ಇನ್ನೂ ಹೋಗುವವರು ಇದ್ದಾರೆ. ಮೊದಲನೆಯದು ಆಂಟಿ ನೇರವಾಗಿ ಹೇಳಿದ್ದು. ಉಳಿದ ಎರಡನ್ನು ಅವರು ಬಾಯಿಬಿಟ್ಟು ಹೇಳಲೇ ಇಲ್ಲ, ಆದರೂ ನಮಗೆ ಕೇಳಿಸಿತು.

ಹೇಳದೆ ಕೇಳಿಸಿದ ಈ ಎರಡೂ ಒಂದೇ ಜಾತಿಯವಲ್ಲ. "ಮೊದಲು ಹೋಗುತ್ತಿದ್ದರು" ಅನ್ನುವುದು ಪ್ರಿಸಪೊಸಿಷನ್. ಅದು ಮಾತಿನ ತಳಹದಿ, ಅದನ್ನು ಒಪ್ಪಿಕೊಂಡೇ ಆಂಟಿ ಮಾತು ಶುರು ಮಾಡಿದ್ದು. "ಎಲ್ಲರೂ ಬಿಟ್ಟಿಲ್ಲ" ಅನ್ನುವುದು ಇಂಪ್ಲಿಕೇಚರ್, ಅಂದರೆ ಸೂಚನೆ. ಎಲ್ಲರೂ ಬಿಟ್ಟಿದ್ದರೆ ಆಂಟಿ "ಎಲ್ಲರೂ" ಅಂತಲೇ ಹೇಳುತ್ತಿದ್ದರಲ್ವಾ ಅಂತ ನಾವೇ ಲೆಕ್ಕ ಹಾಕಿಕೊಂಡದ್ದು. ಈ ಲೆಕ್ಕಾಚಾರವನ್ನು ವಿವರಿಸಿದವರು ಪಾಲ್ ಗ್ರೈಸ್ ಎಂಬ ತತ್ವಶಾಸ್ತ್ರಜ್ಞರು. ಅವರ ಪ್ರಸಿದ್ಧ ಪ್ರಬಂಧ ಅಚ್ಚಾದದ್ದು 1975ರಲ್ಲಿ.

ಹಾಗಾದರೆ ಯಾವುದು ಯಾವುದು ಅಂತ ಹೇಳುವುದು ಹೇಗೆ? ಸುಮ್ನೆ ಅನಿಸಿಕೆಯ ಮೇಲೆ ಬಿಡಬೇಕಿಲ್ಲ. ವಾಕ್ಯವನ್ನೇ ತಿರುಗಿಸಿ ನೋಡಿದರೆ ಸಾಕು.

ಮೊದಲು, ಪ್ರಶ್ನೆ ಮಾಡಿ

ವಾಕ್ಯದ ಕೊನೆಯ ಕ್ರಿಯಾಪದಕ್ಕೆ "ಆ" ಹಚ್ಚಿ: "ಮೇಲಿನ ಮನೆ ಮಕ್ಕಳಲ್ಲಿ ಕೆಲವರು ಟ್ಯೂಷನ್‌ಗೆ ಹೋಗೋದು ಬಿಟ್ಟರಾ?"

ಈಗ ಯಾವುದು ಉಳಿಯಿತು ನೋಡಿ. ಯಾರಾದರೂ ಬಿಟ್ಟಿದ್ದಾರೆ ಅನ್ನುವ ಖಾತರಿ ಹೋಯಿತು, ಕೇಳುತ್ತಿರುವುದೇ ಅದನ್ನು. ಆದರೆ ಮಕ್ಕಳು ಟ್ಯೂಷನ್‌ಗೆ ಹೋಗುತ್ತಿದ್ದರು ಅನ್ನುವುದು ಅಲುಗಾಡಲಿಲ್ಲ. ಹೀಗೆ ಪ್ರಶ್ನೆಯನ್ನೂ ದಾಟಿ ಹೊರಗೆ ಬರುವುದಕ್ಕೆ ಪ್ರೊಜೆಕ್ಷನ್ ಅನ್ನುತ್ತಾರೆ. "ಎಲ್ಲರೂ ಬಿಟ್ಟಿಲ್ಲ" ಅನ್ನುವ ಸೂಚನೆಯೋ, ಮಾಯವಾಯಿತು. ನಂಬಿಕೆ ಬರದಿದ್ದರೆ ಉತ್ತರ ಕೊಟ್ಟು ನೋಡಿ. ಎಲ್ಲರೂ ಬಿಟ್ಟಿದ್ದರೆ ನೀವು "ಹೌದು, ಎಲ್ಲರೂ ಬಿಟ್ಟರು" ಅನ್ನುತ್ತೀರಿ, "ಇಲ್ಲ" ಅಂತ ಶುರು ಮಾಡುವುದಿಲ್ಲ. ಸೂಚನೆ ಪ್ರಶ್ನೆಯೊಳಗೆ ಉಳಿದಿದ್ದರೆ "ಹೌದು" ಅನ್ನಲು ಬರುತ್ತಿರಲಿಲ್ಲ.

ಒಂದು ಎಚ್ಚರಿಕೆ. "ಆ" ಕ್ರಿಯಾಪದಕ್ಕೇ ಹತ್ತಬೇಕು. "ಮೇಲಿನ ಮನೆ ಮಕ್ಕಳಾ ಬಿಟ್ಟದ್ದು?" ಅಂದರೆ ಯಾರೋ ಬಿಟ್ಟಿದ್ದಾರೆ ಅನ್ನುವ ಹೊಸ ತಳಹದಿಯೊಂದು ಒಳಗೆ ಸೇರಿಕೊಳ್ಳುತ್ತದೆ. ಆಮೇಲೆ ಯಾವುದು ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. "ಕೆಲವರು" ಅನ್ನುವುದನ್ನು ಒತ್ತಿ ಹೇಳಬೇಡಿ. "ಮಾತ್ರ" ಅಂತಲೂ ಸೇರಿಸಬೇಡಿ. ಹಾಗೆ ಮಾಡಿದರೆ "ಎಲ್ಲರೂ ಅಲ್ಲ" ಅನ್ನುವುದು ಸೂಚನೆಯಾಗಿ ಉಳಿಯದೆ ಹೇಳಿದ ಮಾತೇ ಆಗಿಬಿಡುತ್ತದೆ.

ಆಮೇಲೆ, "ರೆ" ಹಚ್ಚಿ

"ಕೆಲವರು ಟ್ಯೂಷನ್‌ಗೆ ಹೋಗೋದು ಬಿಟ್ಟರೆ, ಟೀಚರ್ ಅವರ ಮನೆಗೆ ಫೋನ್ ಮಾಡ್ತಾರೆ." ಬಿಟ್ಟಿದ್ದಾರೆ ಅಂತ ಯಾರೂ ಹೇಳುತ್ತಿಲ್ಲ. ಆದರೂ ಮಕ್ಕಳು ಹೋಗುತ್ತಿದ್ದಾರೆ ಅನ್ನುವುದು ಇಲ್ಲೂ ಕೇಳಿಸುತ್ತದೆ. ಇನ್ನು ಎಲ್ಲರೂ ಬಿಟ್ಟರೆ? ಆಗಲೂ ಟೀಚರ್ ಫೋನ್ ಮಾಡುತ್ತಾರೆ. ಅಂದರೆ "ಎಲ್ಲರೂ ಅಲ್ಲ" ಅನ್ನುವುದು ಇಲ್ಲೂ ಉಳಿಯಲಿಲ್ಲ.

ಇಲ್ಲಿ ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ತಳಹದಿ ತರುವ ಪದವನ್ನು "ರೆ" ಇರುವ ಮೊದಲ ಭಾಗದಲ್ಲಿ ಇಡುವ ಬದಲು ಎರಡನೆಯ ಭಾಗದಲ್ಲಿ ಇಟ್ಟುಬಿಡುತ್ತಾರೆ: "ಆ ಮಕ್ಕಳು ಹೋದ ವರ್ಷ ಟ್ಯೂಷನ್‌ಗೆ ಹೋಗುತ್ತಿದ್ದರೆ, ಈಗ ಬಿಟ್ಟಿರಬೇಕು." ಮಕ್ಕಳು ಹೋಗುತ್ತಿದ್ದರೋ ಇಲ್ಲವೋ, ಹೇಳುವವರಿಗೇ ಗೊತ್ತಿಲ್ಲ. "ಬಿಡು" ಪದ ಇದ್ದರೂ ತಳಹದಿ ಹೊರಗೆ ಬರಲಿಲ್ಲ. ಹಾಗಂತ ಅದು ಪ್ರಿಸಪೊಸಿಷನ್ ಅಲ್ಲ ಅಂತ ತೀರ್ಮಾನ ಮಾಡಿದರೆ ತಪ್ಪು. "ಬಿಟ್ಟಿರಬೇಕು" ಅನ್ನುವುದಕ್ಕೆ ಬೇಕಾದ ತಳಹದಿಯನ್ನು ಮೊದಲ ಭಾಗ ಅಷ್ಟರಲ್ಲೇ ಹಾಕಿಕೊಟ್ಟಿದೆ. ಬೇಡಿಕೆ ವಾಕ್ಯದ ಒಳಗೇ ತೀರಿತು, ಹೊರಗೆ ಬರುವ ಅಗತ್ಯವೇ ಬರಲಿಲ್ಲ.

1973ರಲ್ಲಿ ಲೌರಿ ಕಾರ್ಟುನೆನ್ ಎಂಬ ಭಾಷಾಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. ಪ್ರಶ್ನೆಯಂಥವು ತೂತಿನ ಹಾಗೆ, ತಳಹದಿಯನ್ನು ತಡೆಯದೆ ಹೊರಗೆ ಬಿಡುತ್ತವೆ. "ರೆ" ವಾಕ್ಯ ಸೋಸುವ ಬಟ್ಟೆಯ ಹಾಗೆ, ಕೆಲವನ್ನು ಬಿಡುತ್ತದೆ, ಕೆಲವನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ಅನುಮಾನದ ಪದ ಯಾವಾಗಲೂ "ರೆ" ಇರುವ ಕಡೆಯೇ ಇರಲಿ.

ಕೊನೆಗೆ, ಅಳಿಸಿ ನೋಡಿ

ಈಗ ಮೊದಲಿನ ಸಾದಾ ವಾಕ್ಯಕ್ಕೆ ವಾಪಸ್ ಬನ್ನಿ. ಅದರ ಹಿಂದೆಯೇ ಅದಕ್ಕೆ ವಿರುದ್ಧವಾದ ಮಾತು ಸೇರಿಸಿ.

"ಕೆಲವರು ಬಿಟ್ಟರು. ಕೆಲವರು ಏನು, ಎಲ್ಲರೂ ಬಿಟ್ಟರು." ಇದರಲ್ಲಿ ಏನೂ ತೊಂದರೆ ಇಲ್ಲ, ದಿನಾ ಕೇಳುವ ಧಾಟಿ. ಸೂಚನೆಯನ್ನು ಹೀಗೆ ಅಳಿಸಬಹುದು.

"ಕೆಲವರು ಹೋಗೋದು ಬಿಟ್ಟರು, ಆದರೆ ಅವರು ಯಾವತ್ತೂ ಹೋಗ್ತಾನೇ ಇರಲಿಲ್ಲ." ಇದು ನಿಲ್ಲುವುದಿಲ್ಲ. ಹಾಗಾದರೆ ಬಿಟ್ಟದ್ದು ಏನನ್ನು ಅಂತ ಕೇಳುವವರು ತಕ್ಷಣ ಕೇಳುತ್ತಾರೆ.

ಈ ಪರೀಕ್ಷೆಯನ್ನು ಸಾದಾ ವಾಕ್ಯದಲ್ಲೇ ಮಾಡಬೇಕು. ನಿರಾಕರಣೆಯ ಜೊತೆ ತಳಹದಿಯನ್ನೂ ಅಳಿಸಲು ಬರುತ್ತದೆ: "ಅವರು ಬಿಟ್ಟಿಲ್ಲ ಕಣ್ರೀ, ಅವರು ಯಾವತ್ತೂ ಹೋಗ್ತಾನೇ ಇರಲಿಲ್ಲ." ಅಲ್ಲಿ ಅಳಿಸಿ ನೋಡಿ, ಅಳಿಯಿತು ಅಂತ ಸೂಚನೆಯ ಗುಂಪಿಗೆ ಸೇರಿಸಬೇಡಿ.

ಅಳಿಸುವ ಪರೀಕ್ಷೆ ಒಂದೇ ಸಾಲುವುದೂ ಇಲ್ಲ. "ಈಗ ಹೋಗುತ್ತಿಲ್ಲ" ಅನ್ನುವ ನೇರ ಮಾತೂ ಅಳಿಯುವುದಿಲ್ಲ. ಅದನ್ನು ತಳಹದಿಯಿಂದ ಬೇರೆ ಮಾಡುವುದು ಪ್ರಶ್ನೆಯೇ. ನೇರ ಮಾತು ಅಳಿಯದು, ಪ್ರಶ್ನೆಯಲ್ಲಿ ಉಳಿಯದು. ಸೂಚನೆ ಅಳಿಯುತ್ತದೆ, ಪ್ರಶ್ನೆಯಲ್ಲೂ ಉಳಿಯದು. ಅಳಿಯದೆ, ಪ್ರಶ್ನೆಯಲ್ಲೂ ಉಳಿದರೆ ಅದು ತಳಹದಿ.

"ಇಲ್ಲ" ಹಚ್ಚಿ ನೋಡಬಾರದೇ?

ಪಠ್ಯಪುಸ್ತಕಗಳಲ್ಲಿ ಮೊದಲು ಸಿಗುವುದು ನಿರಾಕರಣೆಯ ಪರೀಕ್ಷೆಯೇ. ಕನ್ನಡದಲ್ಲಿ ನಾನು ಅದನ್ನು ಕೊನೆಗೆ ಇಡುತ್ತೇನೆ. "ರಾಣಿಯೂ ಬಂದಳು" ತೆಗೆದುಕೊಳ್ಳಿ. "ಊ" ಇರುವುದರಿಂದ ಬೇರೆ ಯಾರೋ ಬಂದಿದ್ದಾರೆ ಅನ್ನುವುದು ತಳಹದಿ. ಈಗ "ರಾಣಿಯೂ ಬರಲಿಲ್ಲ" ಅನ್ನಿ. ತಳಹದಿ ತಿರುಗಿಬಿತ್ತು, ಬೇರೆ ಯಾರೋ ಬಂದಿಲ್ಲ ಅಂತಾಯಿತು. "ಊ" ನಿರಾಕರಣೆಯ ಒಳಗೆ ಇರದೆ ಅದರ ಮೇಲೆ ಹತ್ತಿ ಕೂತದ್ದರಿಂದ ಹೀಗಾಗುತ್ತದೆ. "ಕೆಲವರು ಬರಲಿಲ್ಲ" ಅಂದಾಗಲೂ "ಕೆಲವರು" ಇದೇ ಥರ ಹೊರಗೆ ಉಳಿಯುತ್ತದೆ. ನಿರಾಕರಣೆ ಬೇಕೇ ಬೇಕಿದ್ದರೆ "ರಾಣಿಯೂ ಬಂದಳು ಅನ್ನೋದು ಸುಳ್ಳು" ಅಂತ ಇಡೀ ವಾಕ್ಯವನ್ನು ಒಳಗೆ ಹಾಕಿ.

ಪ್ರಶ್ನೆಯಲ್ಲಿ ಈ ತಾಪತ್ರಯ ಇಲ್ಲ. "ರಾಣಿಯೂ ಬಂದಳಾ?" ಅಂದರೆ ಬೇರೆ ಯಾರೋ ಬಂದಿದ್ದಾರೆ ಅನ್ನುವುದು ಹಾಗೇ ನಿಲ್ಲುತ್ತದೆ. "ರಾಣಿಯೂ ಬಂದರೆ ಇನ್ನೊಂದು ಎಲೆ ಹಾಕಿ" ಅಂದರೂ ಅಷ್ಟೇ, ಊಟಕ್ಕೆ ಬೇರೆಯವರು ಇದ್ದಾರೆ. "ಊ" ಮಾತ್ರ ಹೆಸರಿನ ಮೇಲೆಯೇ ಇರಲಿ. ಅದು ಜಾರಿ "ರಾಣಿ ಬಂದರೂ" ಆಯಿತೋ, ಅರ್ಥವೇ ಬೇರೆ, ಪರೀಕ್ಷೆ ಮತ್ತೆ ಮೊದಲಿಂದ.