ಇಯರ್‌ಬಡ್ಸ್ ಫೋನ್, ಲ್ಯಾಪ್‌ಟಾಪ್ ಎರಡಕ್ಕೂ ಜೋಡಿಸಿದಾಗ ಧ್ವನಿ ಕೆಡದಿರಲು

ವೈರ್‌ಲೆಸ್ ಇಯರ್‌ಬಡ್ಸನ್ನು ಫೋನಿಗೂ ಲ್ಯಾಪ್‌ಟಾಪಿಗೂ ಒಟ್ಟಿಗೆ ಜೋಡಿಸಿದವರು ಲ್ಯಾಪ್‌ಟಾಪಿನ ಮೀಟಿಂಗ್‌ನಲ್ಲಿ ಸ್ಪೀಕರ್ ಆಗಿ ಇಯರ್‌ಬಡ್ಸನ್ನೂ ಮೈಕ್ ಆಗಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೂ ಆರಿಸಿಕೊಳ್ಳಿ. ಜೊತೆಗೆ ಲ್ಯಾಪ್‌ಟಾಪಿನ ವೈಫೈಯನ್ನು 5 ಗಿಗಾಹರ್ಟ್ಸ್ ಜಾಲಕ್ಕೆ ಬದಲಾಯಿಸಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಇಯರ್‌ಬಡ್ಸಿನ ಮೈಕ್ ತೆರೆದುಕೊಂಡ ಕೂಡಲೇ ಸಂಪರ್ಕವು ಸಂಗೀತದ ವಿಧಾನವನ್ನು ಬಿಟ್ಟು ಕರೆಯ ವಿಧಾನಕ್ಕೆ ಹೊರಳುವುದರಿಂದ, ಧ್ವನಿ ಹಳೆಯ ದೂರವಾಣಿಯಂತೆ ಮಂಕಾಗುತ್ತದೆ. ಹೀಗೆ ಮಂಕಾಗುವುದೇ ಈ ತೊಂದರೆಯ ಖಚಿತ ಗುರುತು. ಧ್ವನಿ ಸ್ಪಷ್ಟವಾಗಿದ್ದೂ ನಡುನಡುವೆ ತುಂಡಾಗುತ್ತಿದ್ದರೆ, ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲೇ ವೈಫೈ ಕೂಡ ಓಡುತ್ತಿರುವುದನ್ನು ಮೊದಲು ಶಂಕಿಸಬೇಕು. ಜೋಡಿಸುವಾಗ ಮೊದಲು ಫೋನಿಗೆ ಜೋಡಿಸಿ, ಇಯರ್‌ಬಡ್ಸನ್ನು ಮತ್ತೊಮ್ಮೆ ಪೇರಿಂಗ್ ಸ್ಥಿತಿಗೆ ತಂದು ಲ್ಯಾಪ್‌ಟಾಪಿಗೆ ಜೋಡಿಸಿ, ಆಮೇಲೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಇಯರ್‌ಬಡ್ಸಿನ ಹೆಸರನ್ನು ಒತ್ತಿ. ಎರಡೂ ಪರದೆಗಳಲ್ಲಿ Connected ಎಂದು ಉಳಿದರೆ ಕೆಲಸ ಆಯಿತು. ಎರಡನೆಯದು ಸೇರಿದೊಡನೆ ಮೊದಲನೆಯದು ಕಡಿದುಹೋದರೆ, ಇಯರ್‌ಬಡ್ಸಿನ ಆ್ಯಪ್‌ನಲ್ಲಿ, ಒಟ್ಟಿಗೆ ಎರಡು ಸಾಧನಗಳಿಗೆ ಜೋಡಿಸಲು ಬಿಡುವ ಮಲ್ಟಿಪಾಯಿಂಟ್ ಆಯ್ಕೆ ಆಫ್ ಆಗಿರಬಹುದು. ಆ ಸೌಲಭ್ಯವೇ ಇಲ್ಲದ ಇಯರ್‌ಬಡ್ಸನ್ನು ಹೀಗೆ ಎರಡಕ್ಕೂ ಒಟ್ಟಿಗೆ ಜೋಡಿಸಲು ಆಗುವುದಿಲ್ಲ. ಧ್ವನಿ ತಡವಾಗಿ ಬರುವುದು ಬೇರೆಯೇ ವಿಷಯ: ಬ್ಲೂಟೂತ್ ಧ್ವನಿಯನ್ನು ಸಂಕುಚಿಸಿ, ಸ್ವಲ್ಪ ಕೂಡಿಟ್ಟು ನುಡಿಸುವುದರಿಂದ ವಿಳಂಬ ಇದ್ದೇ ಇರುತ್ತದೆ. ಹಲವು ವಿಡಿಯೊ ಪ್ಲೇಯರ್‌ಗಳು ಚಿತ್ರವನ್ನು ಅಷ್ಟೇ ಹಿಂದೆ ಹಿಡಿದು ಅದನ್ನು ಸರಿದೂಗಿಸುತ್ತವೆ, ಆದರೆ ಆಟಗಳಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ಇಯರ್‌ಬಡ್ಸಿನ ಗೇಮ್ ಮೋಡ್ ಒಂದಿಷ್ಟು ನೆರವಾಗುತ್ತದೆ, ಅದೂ ಸಾಲದಿದ್ದರೆ ವೈರ್ ಇರುವ ಇಯರ್‌ಫೋನನ್ನೇ ಬಳಸಬೇಕಾಗುತ್ತದೆ.