ಹೊಸ ಪೇಯಿ ಆಡ್ ಮಾಡಿದ ತಕ್ಷಣ ದೊಡ್ಡ ಅಮೌಂಟ್ ಯಾಕೆ ಹೋಗಲ್ಲ

ನೆಟ್‌ಬ್ಯಾಂಕಿಂಗ್‌ನಲ್ಲಿ ಹೊಸ ಪೇಯಿ, ಅಂದ್ರೆ ದುಡ್ಡು ಪಡೆಯೋ ಬೆನಿಫಿಷಿಯರಿನ ಸೇರ್ಸಿದ್ಮೇಲೆ ದೊಡ್ಡ ಅಮೌಂಟ್ ಕಳ್ಸೋಕೆ ಸಾಮಾನ್ಯವಾಗಿ ಕೆಲವು ಗಂಟೆ ಕಾಯ್ಬೇಕು. ತುಂಬಾ ಜನ ಇದನ್ನ ಬ್ಯಾಂಕ್‌ನವರ ಕಿರಿಕಿರಿ ಅನ್ಕೊಂಡಿದಾರೆ, ಹಾಗಲ್ಲ. ಕಳ್ಳನ ಕೈಗೆ ನಿಮ್ಮ ಪಾಸ್‌ವರ್ಡು, ಓಟಿಪಿ ಸಿಕ್ತು ಅಂದ್ಕೊಳ್ಳಿ, ಅವನು ತನ್ನ ಕಡೆಯ ಅಕೌಂಟನ್ನ ಬೆನಿಫಿಷಿಯರಿ ಅಂತ ಸೇರಿಸಿ ಪೂರ್ತಿ ದುಡ್ಡು ಅಲ್ಲಿಗೆ ಕಳ್ಸಿ, ಅಲ್ಲಿಂದ ಬೇರೆ ಬೇರೆ ಅಕೌಂಟ್‌ಗೆ ಹಂಚಿಬಿಡ್ತಾನೆ, ಆಮೇಲೆ ವಾಪಸ್ ತರೋದು ಬಹಳ ಕಷ್ಟ. ಆ ಕೆಲವು ಗಂಟೆ ವೇಟಿಂಗ್ ಇರೋದೇ ಅಷ್ಟರಲ್ಲಿ ನಿಮಗೆ ಗೊತ್ತಾಗ್ಲಿ ಅಂತ. ಅದಕ್ಕೇ ಹೊಸ ಬೆನಿಫಿಷಿಯರಿ ಸೇರಿದೆ ಅಂತ ಮೆಸೇಜ್ ಬಂದ್ರೆ ದಯವಿಟ್ಟು ಓದಿ, ನೀವು ಸೇರ್ಸಿಲ್ಲ ಅಂದ್ರೆ ದುಡ್ಡು ಇನ್ನೂ ಇದ್ಯಲ್ಲ ಅಂತ ಸುಮ್ನಿರ್ಬೇಡಿ, ತಕ್ಷಣ ಕಾರ್ಡ್ ಹಿಂದೆ ಇರೋ ಬ್ಯಾಂಕಿನ ಫೋನ್ ನಂಬರ್‌ಗೆ ಫೋನ್ ಮಾಡಿ ನೆಟ್‌ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ. ನಿಜವಾಗ್ಲೂ ದೊಡ್ಡ ಪೇಮೆಂಟ್ ಇದ್ರೆ ಎರಡು ದಿನ ಮುಂಚೆನೇ ಪೇಯಿ ಸೇರ್ಸಿ, ಸಣ್ಣ ಅಮೌಂಟ್ ಕಳ್ಸಿ, ಬಂತಾ ಅಂತ ಅವರನ್ನೇ ಕೇಳ್ಕೊಳ್ಳಿ.