ಮನೆಯವರ ಸಾಲವನ್ನು ಬ್ಯಾಂಕು ಬಂಡವಾಳ ಅಂತ ಓದಿದ್ದು: ನನ್ನ ಅನುಭವ

ಪೀಣ್ಯದ ನಮ್ಮ ಶೆಡ್‌ಗೆ ಲೋಹ ಕೊರೆಯೋ ಹೊಸ ವಿಎಂಸಿ ಮೆಷಿನ್ ತರೋಕೆ 40 ಲಕ್ಷ ಬೇಕಿತ್ತು. ಎರಡು ಬ್ಯಾಂಕಿನವರು ಆಗಲ್ಲ ಅಂದರು. ಪ್ರೊಸೆಸಿಂಗ್ ಫೀ, ವ್ಯಾಲ್ಯುಯೇಷನ್ ಅಂತ ಮೂವತ್ತು ಸಾವಿರದಷ್ಟು ಸುಮ್ನೆ ಹೋಯ್ತು. ಮೂರನೆಯವರು ಅದೇ ಬ್ಯಾಲೆನ್ಸ್ ಶೀಟ್ ನೋಡಿ ಕೊಟ್ಟರು.

ಲೆಕ್ಕ ಸುಮಾರು ಹೀಗಿತ್ತು. ಪಾಲುದಾರರ ಬಂಡವಾಳ 40 ಲಕ್ಷ, ಟರ್ಮ್ ಲೋನ್ ಮತ್ತು ಸಿಸಿ ಅನ್ನೋ ಕ್ಯಾಶ್ ಕ್ರೆಡಿಟ್ ಸೇರಿ 110, ಭಾವ ಮತ್ತು ಚಿಕ್ಕಪ್ಪ ಕೊಟ್ಟ ಕೈಸಾಲ 35. ಬಂಡವಾಳದ ಎಷ್ಟು ಪಟ್ಟು ಸಾಲ ಇದೆ ಅನ್ನೋ ಡೆಟ್-ಈಕ್ವಿಟಿ ನಮ್ಮ ಲೆಕ್ಕದಲ್ಲಿ 3.6. ಆದರೆ ಬ್ಯಾಂಕಿನವರು ನೋಡೋದು ಸಾಲ ಕೊಟ್ಟ ಮೇಲಿನ ಚಿತ್ರ. ಕೇಳಿದ 40 ಲಕ್ಷವನ್ನೂ ಸೇರಿಸಿ 4.6 ಅಂತ ಬರೆದರು.

ಲಾಭ ಬಡ್ಡಿಯ ಎಷ್ಟು ಪಟ್ಟು ಅನ್ನೋ ಇಂಟರೆಸ್ಟ್ ಕವರೇಜ್ ಇನ್ನೂ ಕೆಟ್ಟದಾಗಿತ್ತು. ಬಡ್ಡಿ, ತೆರಿಗೆಗೆ ಮುಂಚಿನ ಲಾಭ 33 ಲಕ್ಷ ಅಂತ ತೋರಿಸಿದ್ದೆವು. ಅದರಲ್ಲಿ 5 ಲಕ್ಷ ಹಳೇ ಲೇಥ್ ಮಾರಿ ಬಂದದ್ದು. ಕ್ರೆಡಿಟ್ ಆಫೀಸರ್ ಆ ಸಾಲಿನ ಮೇಲೆ ಪೆನ್ಸಿಲ್ ಎಳೆದು, "ಮುಂದಿನ ವರ್ಷ ಯಾವ ಲೇಥ್ ಮಾರ್ತೀರಿ ಸಾರ್?" ಅಂದರು. ಉಳಿದದ್ದು 28. ಬ್ಯಾಂಕ್ ಬಡ್ಡಿ ಹನ್ನೊಂದೂವರೆ, ಮನೆಯವರಿಗೆ ಕೊಡೋ ಬಡ್ಡಿ ನಾಲ್ಕು ಚಿಲ್ಲರೆ, ಹೊಸ ಸಾಲದ್ದು ಇನ್ನೊಂದು ನಾಲ್ಕು ಚಿಲ್ಲರೆ, ಒಟ್ಟು 20ರ ಹತ್ತಿರ. ಕವರೇಜ್ 1.4. ಇದು ಕನಿಷ್ಠ ಎಷ್ಟಿರಬೇಕು ಅನ್ನೋದು ಬ್ಯಾಂಕಿಂದ ಬ್ಯಾಂಕಿಗೆ ಬೇರೆ, ಆದರೆ ನಾನು ಹೋದ ಕಡೆಯೆಲ್ಲ 2ರ ಆಸುಪಾಸು ಕೇಳಿದರು.

ಪಕ್ಕದ ಶೆಡ್‌ನವರು ಮಾರ್ಚ್ 31ಕ್ಕೆ ಸಿಸಿಗೆ ದುಡ್ಡು ತುಂಬಿ 50 ಲಕ್ಷವನ್ನು 15ಕ್ಕೆ ಇಳಿಸಿ ತೋರಿಸಿದ್ದರು. ಸಾಲ ಕಮ್ಮಿಯಾಯ್ತು, ಆದರೆ ವರ್ಷದ ಬಡ್ಡಿ 5 ಲಕ್ಷ ಹಾಗೇ ನಿಂತಿತ್ತು. 15 ಲಕ್ಷಕ್ಕೆ 5 ಲಕ್ಷ ಬಡ್ಡಿ ಯಾರು ಕಟ್ಟುತ್ತಾರೆ? ಅಲ್ಲೇ ಸಿಕ್ಕಿಬಿದ್ದರು.

ನಾನು ಮಾಡಿದ್ದು ಬೇರೆ. ಬ್ಯಾಂಕಿನ ಸಾಲ ತೀರೋವರೆಗೆ ಈ 35 ಲಕ್ಷ ವಾಪಸ್ ಕೇಳಲ್ಲ, ಬಡ್ಡಿಯೂ ಬೇಡ, ಬ್ಯಾಂಕಿನ ಬಾಕಿಯೇ ಮೊದಲು ಅಂತ ಭಾವ, ಚಿಕ್ಕಪ್ಪ ಇಬ್ಬರಿಂದಲೂ ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡೆ. ನಮ್ಮ ಆಡಿಟರ್ ನಕ್ಕರು, ಇದನ್ನೆಲ್ಲ ಯಾರು ಒಪ್ಪುತ್ತಾರೆ ಅಂತ. ಎಲ್ಲರೂ ಒಪ್ಪಲ್ಲ, ನಿಜ. ಇಂಥ ಸಾಲವನ್ನು ಬಂಡವಾಳಕ್ಕೆ ಸಮ, ಅಂದರೆ ಕ್ವಾಸಿ ಈಕ್ವಿಟಿ ಅಂತ ಪರಿಗಣಿಸುತ್ತೀರಾ ಎಂದು ಅರ್ಜಿ ಹಾಕೋ ಮುಂಚೆಯೇ ಕೇಳಬೇಕು, ಫೀ ಕಟ್ಟಿದ ಮೇಲಲ್ಲ.

ಮೂರನೇ ಬ್ಯಾಂಕಿನವರು ಒಪ್ಪಿದ ಮೇಲೆ ಬಂಡವಾಳ 75, ಸಾಲ ಹೊಸದೂ ಸೇರಿ 150. ಅಂದರೆ ಸರಿಯಾಗಿ 2. ಮನೆಯವರ ಬಡ್ಡಿ ಹೋದ ಮೇಲೆ ಕವರೇಜ್ 1.8ರ ಹತ್ತಿರ ಬಂತು. ಹೊಸ ಮೆಷಿನ್‌ಗೆ ಕೈಯಲ್ಲಿದ್ದ ಪರ್ಚೇಸ್ ಆರ್ಡರ್ ತೋರಿಸಿದಾಗ ಅವರು ಇನ್ನೂ 6 ಲಕ್ಷದಷ್ಟು ಲಾಭ ಮಾತ್ರ ಲೆಕ್ಕಕ್ಕೆ ಸೇರಿಸಿದರು, ಕವರೇಜ್ 2.1 ದಾಟಿತು. ಭಾವನನ್ನು ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಅದು ಮನೆ ವಿಷಯ!

ಈಗ ವರ್ಷವರ್ಷವೂ ಆ 35 ಲಕ್ಷ ಹಾಗೇ ಇದೆ ಅಂತ ಆಡಿಟರ್ ಸರ್ಟಿಫಿಕೇಟ್ ಕೊಡಬೇಕು. ಅದಕ್ಕೂ ಅವರು ಬೇರೆ ಫೀ ತಗೊಳ್ಳುತ್ತಾರೆ.